ಮಾರ್ಚ್ 31ರಂದು ಯಾವ ಗೋದಾಮಿಗೆ ವಿಮೆ ಇತ್ತು: ಆಡಿಟರಿಗೆ ಬರೆದ ಇಮೇಲ್

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2025ರ ಏಪ್ರಿಲ್‌ನಲ್ಲಿ ದಾವಣಗೆರೆಯ ನಮ್ಮ ಆಡಿಟರು, ಮಾರ್ಚ್ 31ರಂದು ಜಾರಿಯಲ್ಲಿದ್ದ ವಿಮೆಗಳು, ಅವುಗಳ ಮೊತ್ತ ಮತ್ತು ಅವಧಿ ಮುಗಿಯುವ ದಿನವನ್ನು ಇಮೇಲ್ ಮೂಲಕ ದೃಢಪಡಿಸುವಂತೆ ಕೇಳಿದರು. ಹಿಂದಿನ ವರ್ಷದ ಉತ್ತರದಲ್ಲಿ ದಿನಾಂಕಗಳನ್ನಷ್ಟೇ ಬದಲಿಸಿ ಕಳುಹಿಸಬಹುದಿತ್ತು. ಆದರೆ ಪಾಲಿಸಿಯ ಷೆಡ್ಯೂಲನ್ನೂ ದಾಸ್ತಾನು ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಒಳ್ಳೆಯದೆನಿಸಿತು.

ಬೆಂಕಿ ವಿಮೆಯಲ್ಲಿ ದಾಸ್ತಾನಿನ ಮೊತ್ತ 5 ಕೋಟಿ ರೂಪಾಯಿ, ಅವಧಿ 2025ರ ಆಗಸ್ಟ್ 11ರ ಮಧ್ಯರಾತ್ರಿಯವರೆಗೆ. ಪುಸ್ತಕದಲ್ಲಿದ್ದ ದಾಸ್ತಾನು 4.60 ಕೋಟಿ. ಮೊತ್ತವನ್ನು ಮಾತ್ರ ನೋಡಿದರೆ ಕೊರತೆಯೇ ಇಲ್ಲ. ಆದರೆ ಷೆಡ್ಯೂಲಿನಲ್ಲಿ ವಿಮೆಯಾದ ಸ್ಥಳವೆಂದು ಮಿಲ್ಲಿನ ವಿಳಾಸವೊಂದೇ ಇತ್ತು, ಮಾಲಿನಲ್ಲಿ 1.50 ಕೋಟಿಯಷ್ಟು ಡಿಸೆಂಬರ್‌ನಲ್ಲಿ ಬಾಡಿಗೆಗೆ ಹಿಡಿದ ಗೋದಾಮಿನಲ್ಲಿತ್ತು. ಮೊತ್ತ ಕಡಿಮೆಯಾಗಿದ್ದರೆ ಪರಿಹಾರ ಅದೇ ಪ್ರಮಾಣದಲ್ಲಿ ಇಳಿಯಬಹುದು. ಸ್ಥಳವೇ ಷೆಡ್ಯೂಲಿನಲ್ಲಿ ಇಲ್ಲದಿದ್ದರೆ ಅಲ್ಲಿ ಸುಟ್ಟ ಮಾಲಿಗೆ ಆ ಪಾಲಿಸಿಯ ಆಸರೆಯೇ ಇರುವುದಿಲ್ಲ.

ಕಳ್ಳತನದ ವಿಮೆಯದು ಬೇರೆ ತೊಡಕು. ಅದು ಮಾರ್ಚ್ 28ರ ಮಧ್ಯರಾತ್ರಿಗೆ ಮುಗಿದಿತ್ತು. 30ಕ್ಕೆ ಯುಗಾದಿ, ಜೊತೆಗೆ ವರ್ಷಾಂತ್ಯದ ಗಡಿಬಿಡಿ. ನಾವು ಪ್ರೀಮಿಯಂ ಕಟ್ಟಿದ್ದು ಏಪ್ರಿಲ್ 2ರಂದು. ಪ್ರೀಮಿಯಂ ಕೈಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ ಎಂದು ವಿಮಾ ಕಾಯಿದೆಯ 64ವಿಬಿ ಕಲಮು ಹೇಳುತ್ತದೆ. ನವೀಕರಣದ ನೋಟಿಸು ಫೈಲಿನಲ್ಲಿದ್ದರೂ ಅದು ಪಾಲಿಸಿಯಲ್ಲ. ಹೊಸ ಪಾಲಿಸಿಯ ಆರಂಭದ ದಿನವನ್ನು ಹಳೆಯದರ ಮುಕ್ತಾಯದ ಪಕ್ಕದಲ್ಲಿಟ್ಟಾಗ ನಾಲ್ಕು ದಿನಗಳ ಬಿರುಕು ಕಂಡಿತು, ಮಾರ್ಚ್ 31 ಸರಿಯಾಗಿ ಆ ಬಿರುಕಿನಲ್ಲೇ ಬಿದ್ದಿತ್ತು.

ನಮ್ಮ ಮಾಲೀಕರಿಗೆ ಎರಡನ್ನೂ ತೋರಿಸಿದೆ. “ಗೋದಾಮನ್ನು ಈಗಲೇ ಸೇರಿಸಿ, ಆಡಿಟರಿಗೆ ಇದ್ದದ್ದನ್ನು ಇದ್ದಂತೆಯೇ ಬರೆಯಿರಿ” ಎಂದರು. ಏಪ್ರಿಲ್ 4ರಂದು ಗೋದಾಮನ್ನು ಸೇರಿಸಿದ ಎಂಡಾರ್ಸ್‌ಮೆಂಟ್ ಬಂತು. ಅದನ್ನು ಲಗತ್ತಿಸಿದೆನಾದರೂ ಮಾರ್ಚ್ 31ರ ಸ್ಥಿತಿಯೊಳಗೆ ಬೆರೆಸಲಿಲ್ಲ. ಇಮೇಲಿನ ಮುಖ್ಯ ಭಾಗ ಹೀಗಿತ್ತು:

“31-3-2025ರಂದು ಮಿಲ್ಲಿನಲ್ಲಿದ್ದ ರೂ. 3.10 ಕೋಟಿ ದಾಸ್ತಾನಿಗೆ ಬೆಂಕಿ ವಿಮೆ ಇತ್ತು. ವಿಮಾ ಮೊತ್ತ ರೂ. 5 ಕೋಟಿ, ಮುಕ್ತಾಯ 11-8-2025. ಬಾಡಿಗೆ ಗೋದಾಮಿನ ರೂ. 1.50 ಕೋಟಿ ದಾಸ್ತಾನಿಗೆ ಆ ದಿನ ಬೆಂಕಿ ವಿಮೆ ಇರಲಿಲ್ಲ. ಕಳ್ಳತನದ ವಿಮೆ ಯಾವ ಸ್ಥಳಕ್ಕೂ ಜಾರಿಯಲ್ಲಿರಲಿಲ್ಲ. 2-4-2025ರಂದು ಪುನಃ ಆರಂಭವಾಗಿದೆ. ಗೋದಾಮು 4-4-2025ರಿಂದ ಬೆಂಕಿ ವಿಮೆಗೆ ಒಳಪಟ್ಟಿದೆ. ಮಾರ್ಚ್ 29ರಿಂದ ಇಂದಿನವರೆಗೆ ಎರಡೂ ಕಡೆ ಯಾವುದೇ ನಷ್ಟ ಸಂಭವಿಸಿಲ್ಲ.”

ಕೊನೆಯ ವಾಕ್ಯವನ್ನು ಬರೆಯುವ ಮೊದಲು ಗೋದಾಮಿನ ಕಾವಲುಗಾರರ ರಿಜಿಸ್ಟರನ್ನು ನಾನೇ ಹೋಗಿ ನೋಡಿ ಬಂದೆ, ಏಕೆಂದರೆ ಕೇಳಿದ ಮಾತನ್ನು ದೃಢೀಕರಣವೆಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ಮರುದಿನ ಆಡಿಟರು ಪ್ರೀಮಿಯಂ ರಸೀದಿಯ ಪ್ರತಿಯನ್ನು ಕೇಳಿದರು. ದಾಸ್ತಾನಿನ ಮೇಲೆ ಸಾಲ ಕೊಟ್ಟ ಬ್ಯಾಂಕಿಗೆ ಈ ವಿಷಯ ತಿಳಿಸಿದ್ದೀರಾ ಎಂದೂ ಕೇಳಿದರು. ತಿಳಿಸಿರಲಿಲ್ಲ, ಅಂದೇ ಮಧ್ಯಾಹ್ನ ಬ್ಯಾಂಕಿಗೂ ಪತ್ರ ಬರೆದೆ.