ಒಂದು ಸೊನ್ನೆಯೊಳಗೆ ನಾಲ್ವರು ಬೆಳೆಗಾರರು

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗೆ ಕೇಳುವ ಸಮೀಕ್ಷೆಯ ಪ್ರಶ್ನೆಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಒಮ್ಮೆ ಬಂದ ಕರಡಿನಲ್ಲಿ ಈ ಪ್ರಶ್ನೆಯಿತ್ತು: ‘ಈ ವರ್ಷ ಬೋರರ್ ಬಿದ್ದ ಎಷ್ಟು ಗಿಡಗಳನ್ನು ಕಿತ್ತು ಸುಟ್ಟಿರಿ?’ ಬೋರರ್ ಎಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳು, ಬಿಳಿ ಕಾಂಡಕೊರಕ.

ಕೆಲವರ ಹತ್ತಿರ ಕೇಳಿಸಿ ನೋಡಿದೆ. ಹಲವರ ಉತ್ತರ ಸೊನ್ನೆ. ಮಾತನಾಡಿಸುತ್ತಾ ಹೋದರೆ ಒಬ್ಬರದು ಪೂರ್ತಿ ರೊಬಸ್ಟಾ. ಈ ಹುಳುವಿನ ಕಾಟವಿರುವುದು ಅರೇಬಿಕಾಕ್ಕೆ. ಇನ್ನೊಬ್ಬರು ಅರೇಬಿಕಾ ಗಿಡಗಳನ್ನೆಲ್ಲ ತಡಕಿದ್ದರು, ಹುಳು ಸಿಕ್ಕಿರಲಿಲ್ಲ. ಮತ್ತೊಬ್ಬರು ತಡಕಿಯೇ ಇರಲಿಲ್ಲ. ನಾಲ್ಕನೆಯವರು ಹುಳು ಬಿದ್ದ ಗಿಡ ಗುರುತಿಸಿದ್ದರೂ ಆಳು ಸಿಗದೆ ಹಾಗೇ ಬಿಟ್ಟಿದ್ದರು. ಆ ಗಿಡಗಳಿಂದ ಹೊರಬರುವ ದುಂಬಿ ಪಕ್ಕದ ತೋಟಕ್ಕೂ ಹಾರುತ್ತದೆ. ನಮಗೆ ಬೇಕಾಗಿದ್ದ ಸುದ್ದಿ ಅದೇ; ಅದೂ ಸೊನ್ನೆಯೊಳಗೇ ಮುಚ್ಚಿಹೋಗಿತ್ತು.

‘ಬೋರರ್ ಬಿದ್ದ ಗಿಡಗಳು’ ಎಂದಾಗಲೇ ತೋಟಕ್ಕೆ ಹುಳು ಬಿದ್ದಿದೆ ಎಂದು ಪ್ರಶ್ನೆ ಒಪ್ಪಿಕೊಂಡಾಗಿತ್ತು. ಹೇಳದೆಯೇ ಒಪ್ಪಿಸಿಬಿಡುವ ಇಂಥ ಮಾತಿಗೆ ಪೂರ್ವಗೃಹೀತ ಎನ್ನಬಹುದು. ಅದನ್ನು ಹಿಡಿಯಲು ನಾನು ಪ್ರಶ್ನೆಯ ಮಾತನ್ನೇ ಮೂರು ರೀತಿ ಬರೆದುಕೊಳ್ಳುತ್ತೇನೆ. ‘ಬೀಡಿ ಸೇದುವುದನ್ನು ಬಿಟ್ಟಿದ್ದಾರೆ’, ‘ಬಿಟ್ಟಿಲ್ಲ’, ‘ಬಿಟ್ಟಿದ್ದರೆ ಒಳ್ಳೆಯದು’: ಮೂರರಲ್ಲೂ ಹಿಂದೆ ಸೇದುತ್ತಿದ್ದರು ಎಂಬುದು ಅಳಿಯದೆ ಉಳಿಯುತ್ತದೆ. ‘ಬೋರರ್ ಬಿದ್ದ ಗಿಡಗಳನ್ನು ಕಿತ್ತಿದ್ದಾರೆ’, ‘ಕಿತ್ತಿಲ್ಲ’, ‘ಕಿತ್ತಿದ್ದರೆ’ ಎಂದು ಬರೆದಾಗಲೂ ಅಷ್ಟೇ, ತೋಟಕ್ಕೆ ಹುಳು ಬಿದ್ದದ್ದು ಕದಲುವುದಿಲ್ಲ. ‘ಬಿಡುವುದೇನು ಬಂತು, ನಾನು ಸೇದಿದವನೇ ಅಲ್ಲ’ ಎಂದು ತಿರುಗಿ ಹೇಳಬಹುದು ನಿಜ. ಆದರೆ ಹಾಗೆ ಜಗಳಕ್ಕೆ ನಿಲ್ಲಲು ನಮೂನೆಯಲ್ಲಿ ಜಾಗವೆಲ್ಲಿ? ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಪೀಟರ್ ಸ್ಟ್ರಾಸನ್ 1950ರಲ್ಲಿ ಹೇಳಿದ್ದು ಇಂಥ ಸಂದರ್ಭಕ್ಕೇ: ಮಾತು ಒಪ್ಪಿಕೊಂಡು ಹೊರಟದ್ದಕ್ಕೆ ನೆಲೆಯೇ ಇಲ್ಲದಾಗ ಸತ್ಯವೋ ಸುಳ್ಳೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ನಮೂನೆಯಲ್ಲಿ ಅದಕ್ಕೆ ‘ಅನ್ವಯಿಸುವುದಿಲ್ಲ’ ಎಂಬ ಚೌಕ ಬೇಕು, ಸೊನ್ನೆಯಲ್ಲ.

ಉಳಿದುಕೊಂಡ ಮಾತನ್ನು ಹೊರಗೆಳೆದು ಮುಂಚಿನ ಪ್ರಶ್ನೆಯಾಗಿ ಮಾಡಿದೆ: ಅರೇಬಿಕಾ ಇದೆಯೇ? ಈ ವರ್ಷ ಹುಳುವಿಗಾಗಿ ಗಿಡ ತಡಕಿದಿರಾ? ಸಿಕ್ಕಿತೇ? ಆಮೇಲೆ, ಎಷ್ಟು ಕಿತ್ತಿರಿ. ‘ಇಲ್ಲ’ ಬಂದಲ್ಲಿಗೆ ಆ ಸಾಲು ಮುಗಿಯುತ್ತದೆ. ‘ನಿಮ್ಮ ತೋಟ’ ಎಂಬುದೂ ಪೂರ್ವಗೃಹೀತವೇ, ಆದರೆ ಬೆಳೆಗಾರರ ಪಟ್ಟಿ ಹಿಡಿದೇ ಹೋಗಿರುವಾಗ ಅದನ್ನು ಕೆದಕುವುದಿಲ್ಲ. ಎಲ್ಲವನ್ನೂ ಬಿಚ್ಚುತ್ತಾ ಕೂತರೆ ಉತ್ತರಿಸುವವರು ಕಾಫಿ ಕೊಟ್ಟು ಕಳಿಸಿಬಿಡುತ್ತಾರೆ.

ಒಂದು ಕಡೆ ಮಾತ್ರ ಬೇಕೆಂದೇ ಊಹೆಯನ್ನು ಉಳಿಸಿದೆ. ಹುಳು ಸಿಕ್ಕಿತೆಂದವರನ್ನು ‘ಕೀಳದೆ ಬಿಟ್ಟಿರಾ?’ ಎಂದರೆ ತಪ್ಪು ಹೊರಿಸಿದಂತಾಗಿ ಇಲ್ಲವೆನ್ನುತ್ತಾರೆ. ‘ಇನ್ನೂ ಎಷ್ಟು ಕೀಳುವುದು ಬಾಕಿ ಇದೆ?’ ಎಂದರೆ ಸಲೀಸಾಗಿ ಹೇಳುತ್ತಾರೆ. ಬಾಕಿಯೇ ಇಲ್ಲದವರೂ ‘ಒಂದೆರಡು ಇರಬಹುದು’ ಎನ್ನುವ ಅಪಾಯವಿದೆ. ಹಾಗಾಗಿ ಈ ಉತ್ತರದಲ್ಲಿ ಚಿಕ್ಕ ಸಂಖ್ಯೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.