ಆರು ಕ್ಯಾಂಡಲ್ ಆಯ್ತು, ಇನ್ನು ಕಾಯುವುದಿಲ್ಲ

ಸ್ಟಾಪ್‌ಲಾಸ್ ಹೊಡೆಯದೆಯೂ ದುಡ್ಡು ಕರಗುತ್ತದೆ ಅನ್ನುವುದು ನನಗೆ ತಿಳಿದದ್ದು ಒಂದು ನಿಫ್ಟಿ ಎಕ್ಸ್‌ಪೈರಿ ದಿನ. ಬೆಳಿಗ್ಗೆ 10:30ಕ್ಕೆ ಬ್ರೇಕ್‌ಔಟ್ ನೋಡಿ 82 ರೂಪಾಯಿಗೆ ಎಟಿಎಂ ಕಾಲ್ ಆಪ್ಷನ್ ಕೊಂಡೆ. ನಿಫ್ಟಿ 30 ಪಾಯಿಂಟ್ ಕೆಳಗೆ ಹೋದರೆ ಹೊರಗೆ, ಇದು ನನ್ನ ಸ್ಟಾಪ್. ನಿಫ್ಟಿ ಕೆಳಗೂ ಹೋಗಲಿಲ್ಲ, ಮೇಲೂ ಹೋಗಲಿಲ್ಲ. ಹನ್ನೆರಡಾದರೂ ಕೊಂಡಾಗ ಎಲ್ಲಿತ್ತೋ ಅಲ್ಲೇ. ಕಾಲ್ ಮಾತ್ರ 68 ಆಗಿತ್ತು. ಯಾರೂ ಹೊಡೆಯಲಿಲ್ಲ, ಸುಮ್ನೆ ಹೊತ್ತು ಹೋಗಿ 14 ರೂಪಾಯಿ ಹೋಯಿತು.

ಆ ವಾರ ಕೂತು ಹಳೆಯ ಟ್ರೇಡ್‌ಗಳನ್ನೆಲ್ಲ ಚಾರ್ಟ್‌ನಲ್ಲಿ ಮತ್ತೆ ತೆರೆದೆ. ಗೆದ್ದವನ್ನು ಮಾತ್ರ ತೆಗೆದುಕೊಂಡು, ಎಷ್ಟನೇ 5 ನಿಮಿಷದ ಕ್ಯಾಂಡಲ್‌ಗೆ ನಿಫ್ಟಿ 15 ಪಾಯಿಂಟ್ ನನ್ನ ಕಡೆ ಬಂದಿತ್ತು ಅಂತ ಬರೆದೆ. 15 ಯಾಕೆ ಅಂದರೆ ಅದು ನನ್ನ ಸ್ಟಾಪಿನ ಅರ್ಧ. ಹೆಚ್ಚಿನವು ಮೂರು, ನಾಲ್ಕನೇ ಕ್ಯಾಂಡಲ್‌ಗೇ ಓಡಿದ್ದವು. ಆರು ದಾಟಿದ ಮೇಲೆ ಎದ್ದವು ಬೆರಳೆಣಿಕೆಯಷ್ಟು. ನನ್ನ ಆರು ಬಂದದ್ದು ಅಲ್ಲಿಂದ. ನಿಮ್ಮ ಸೆಟಪ್‌ಗೆ ಅದು ನಾಲ್ಕು ಇರಬಹುದು, ಹತ್ತು ಇರಬಹುದು. ಸೋತವನ್ನು ನೋಡಿ ಈ ಸಂಖ್ಯೆ ಸಿಗುವುದಿಲ್ಲ.

ಈಗ ನನ್ನ ನಿಯಮ ಇಷ್ಟೇ. ಕೊಂಡ ಕ್ಯಾಂಡಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಅರ್ಧಂಬರ್ಧ ಇರುತ್ತದೆ. ಮುಂದಿನ ಆರರಲ್ಲಿ ಒಂದಾದರೂ ಕೊಂಡಾಗ ನಿಫ್ಟಿ ಇದ್ದದ್ದಕ್ಕಿಂತ 15 ಪಾಯಿಂಟ್ ಮೇಲೆ ಕ್ಲೋಸ್ ಆಗದಿದ್ದರೆ ಆರನೆಯದು ಮುಗಿದ ಕೂಡಲೇ ಮಾರುತ್ತೇನೆ. ಕ್ಯಾಂಡಲಿನ ಬಾಲ ಮಾತ್ರ ಮೇಲೆ ಹೋಗಿ ಬಂದರೆ ಆಗುವುದಿಲ್ಲ. ಅವತ್ತೇ ಹೀಗೆ ಮಾಡಿದ್ದರೆ ಸುಮಾರು 78ಕ್ಕೆ ಹೊರಗೆ ಬರುತ್ತಿದ್ದೆ.

ಕೆಟ್ಟದ್ದು ಎಣಿಕೆಯಲ್ಲ, ಆರನೆಯದರಲ್ಲಿ ಬರುವ ಆಸೆ. ಪ್ರತಿ ಸಲ ಒಂದು ಪುಟ್ಟ ಹಸಿರು ಕ್ಯಾಂಡಲ್ ಬಂದು "ಇನ್ನೊಂದು ನೋಡೋಣ" ಅನ್ನಿಸುತ್ತದೆ. ಅದಕ್ಕೇ ಕೊಂಡ ತಕ್ಷಣ ಆರನೆಯದು ಮುಗಿಯುವ ಹೊತ್ತಿಗೆ ಮೊಬೈಲ್‌ನಲ್ಲಿ ಅಲಾರಂ ಇಡುತ್ತೇನೆ.

ಇನ್ನೊಂದು ಎಡವಟ್ಟು ಹೇಳಲೇಬೇಕು. ಒಮ್ಮೆ ಬೇರೆ ಆರ್ಡರ್ ಹಾಕಿ ಮಾರಿ, ಮೊದಲೇ ಹಾಕಿದ್ದ ಸ್ಟಾಪ್‌ಲಾಸ್ ಆರ್ಡರ್ ಕ್ಯಾನ್ಸಲ್ ಮಾಡುವುದನ್ನು ಮರೆತೆ. ಬೆಲೆ ಇಳಿದು ಅದು ಟ್ರಿಗರ್ ಆಗಿದ್ದರೆ, ಮಾರ್ಜಿನ್ ಇದ್ದ ಕಾರಣ ನನ್ನ ಹೆಸರಲ್ಲಿ ಆಪ್ಷನ್ ಶಾರ್ಟ್ ಕೂತಿರುತ್ತಿತ್ತು! ಈಗ ಹೊಸ ಆರ್ಡರ್ ಹಾಕುವುದೇ ಇಲ್ಲ. ಅದೇ ಸ್ಟಾಪ್‌ಲಾಸ್ ಆರ್ಡರನ್ನು ಮಾಡಿಫೈ ಮಾಡಿ, ಬಿಡ್ ಬೆಲೆಗೆ ಲಿಮಿಟ್ ಮಾಡುತ್ತೇನೆ.

ಮಾರಿದ ಮೇಲೆ ಏಳನೇ ಕ್ಯಾಂಡಲ್ ಎದ್ದು ಓಡುವುದೂ ಉಂಟು. ಹೊಟ್ಟೆ ಉರಿಯುತ್ತದೆ, ಅಲ್ವಾ? ಆ ಆರು ಕ್ಯಾಂಡಲ್‌ಗಳ ಹೈ ಮೇಲೆ ಕ್ಲೋಸ್ ಆದರೆ ಮಾತ್ರ ಮತ್ತೆ ಕೊಳ್ಳುತ್ತೇನೆ, ಹೊಸ ಟ್ರೇಡ್ ಅಂತ. ಎಣಿಕೆ ಮತ್ತೆ ಒಂದರಿಂದ.