ಅವರದೇ ಹಳೇ ಅಳತೆ

ನಾನು ಮೈಸೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯಾರಾದರೂ ಬಂದು "ತೋಳು ಬಿಗಿ ಆಗ್ತಿದೆ ಆಂಟಿ" ಅಂದರೆ ಮೊದಲು ಅಳತೆ ಪುಸ್ತಕದಲ್ಲಿ ಅವರದೇ ಹಳೇ ಪುಟ ತೆಗೆಯುತ್ತೇನೆ. ಹೋದ ಸಲ 11 ಇಂಚು ಇತ್ತು, ಈಗ 12 ಇದೆ ಅಂದರೆ ಮೈ ಬಂದಿದೆ. ಆಗಲೂ 11, ಈಗಲೂ 11 ಅಂದರೆ ತಪ್ಪು ಬಟ್ಟೆಯಲ್ಲಿದೆ. ಮನೆಯವರ ವಿಷಯಕ್ಕೂ ಹೀಗೇ ಮಾಡಬಹುದು ಅಂತ ನನಗೆ ಹೊಳೆದದ್ದು ಈಚೆಗೆ.

ಮಗಳು ಹಾಸ್ಟೆಲ್‌ಗೆ ಹೋಗಿ ಏಳೆಂಟು ತಿಂಗಳಾಗಿತ್ತು. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು, 54 ವರ್ಷ. ಫೆಬ್ರುವರಿ ಹೊತ್ತಿಗೆ ಅವರು ನನ್ನಿಂದ ದೂರ ಆಗ್ತಿದ್ದಾರೆ ಅನ್ನೋ ಸಂಕಟ ಶುರುವಾಯಿತು. ಮನೆಗೆ ಬರುವುದು ತಡ. ಮೆಸೇಜ್ ಹಾಕಿದರೆ ಒಂದೇ ಪದದ ಉತ್ತರ. ಕರೆದರೆ ಓಗೊಡುವುದಿಲ್ಲ. ಅಕ್ಕನ ಹತ್ತಿರ ಹೇಳಿಕೊಂಡೆ. "ನಿಮ್ಮ ಭಾವ ನೋಡು, ಅರ್ಧ ಗಂಟೆಗೊಂದು ಸಲ ಫೋನ್ ಮಾಡ್ತಾರೆ. ಇವರದ್ದು ಏನೋ ಇದೆ ಕಣೇ" ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡು ದಿನ ಬಿಟ್ಟು ಒಬ್ಬರ ಹಳೇ ಅಳತೆ ಹುಡುಕುವಾಗ ಅನ್ನಿಸಿತು: ನಾನು ಇವರನ್ನು ಭಾವನ ಜೊತೆ ಇಟ್ಟು ನೋಡ್ತಿದ್ದೇನೆ, ಇವರ ಜೊತೆಗೇ ಇಟ್ಟು ನೋಡಿಯೇ ಇಲ್ಲ ಅಲ್ವಾ?

ಆದರೆ ಇವರ ಹಳೇ ಪುಟ ಎಲ್ಲಿದೆ? ನೆನಪನ್ನು ನಂಬುವ ಹಾಗಿರಲಿಲ್ಲ. ಮನಸ್ಸು ನೊಂದಾಗ ಹಿಂದಿನದೆಲ್ಲ ಚೆಂದವಾಗಿಯೇ ಕಾಣುತ್ತದೆ, ಮದುವೆಯಾದ ಹೊಸತರ ಎರಡು ವರ್ಷವೇ ಕಣ್ಣ ಮುಂದೆ ಬರುತ್ತದೆ. ಅದು ಯಾರಿಗೂ ಎಂದಿನ ರೀತಿ ಅಲ್ಲ. ಹಾಗಾಗಿ ಬರಹದಲ್ಲಿ ಇರುವುದನ್ನೇ ಹುಡುಕಿದೆ. ಅವರ ಫೋನ್ ಮುಟ್ಟಲಿಲ್ಲ, ಮುಟ್ಟುವ ಮನಸ್ಸೂ ಇರಲಿಲ್ಲ. ನನ್ನ ಫೋನಿನಲ್ಲೇ ನಮ್ಮಿಬ್ಬರ ವಾಟ್ಸಾಪ್ ಮಾತುಗಳು ಇದ್ದವು. ಹಾಲಿನ ಲೆಕ್ಕ ಬರೆಯುವ ಹಳೇ ಕ್ಯಾಲೆಂಡರನ್ನೂ ಎಸೆದಿರಲಿಲ್ಲ.

ಎಲ್ಲಿಂದಲೋ ಒಂದು ತಿಂಗಳು ತೆಗೆದರೆ ಆಗದು. ಮೇಷ್ಟ್ರ ಮನೆಯಲ್ಲಿ ಜೂನ್ ಬೇರೆ, ಫೆಬ್ರುವರಿ ಬೇರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಸ್ಪೆಷಲ್ ಕ್ಲಾಸು, ಪ್ರಿಪರೇಟರಿ ಪೇಪರ್ ತಿದ್ದುವುದು ಎಲ್ಲ ಇರುತ್ತದೆ. ಹಾಗಾಗಿ ಹಿಂದಿನ ವರ್ಷದ ಫೆಬ್ರುವರಿಯನ್ನೇ ತೆಗೆದೆ. ಅಲ್ಲಿ ಇದ್ದದ್ದು "ಹೂಂ", "ಲೇಟು", "ಊಟ ಮಾಡು". ಅದರ ಹಿಂದಿನ ವರ್ಷವೂ ಅದೇ. ಆ ಮನುಷ್ಯ ನನಗೆ ಎಂದೂ ಉದ್ದದ ಮೆಸೇಜ್ ಹಾಕಿಯೇ ಇಲ್ಲ! ಕ್ಯಾಲೆಂಡರಿನಲ್ಲಿ "ಇವರು 7.30" ಅಂತ ನನ್ನದೇ ಅಕ್ಷರ, ಒಂದೇ ತಿಂಗಳಲ್ಲಿ ಒಂಬತ್ತು ಕಡೆ.

ತಡವಾಗುವುದು, ಚುಟುಕು ಉತ್ತರ ಎರಡೂ ಹೊಸದಲ್ಲ ಅಂತಾಯಿತು. ಹೊಸದಾಗಿದ್ದದ್ದು ನನ್ನ ಕಡೆ. ಮೊದಲು ಆ ಹೊತ್ತಿಗೆ ಮಗಳು ಇರುತ್ತಿದ್ದಳು, ಈಗ ನಾನೊಬ್ಬಳೇ ಬಾಗಿಲು ನೋಡುತ್ತಾ ಕೂತಿರುತ್ತೇನೆ. ಇನ್ನೊಬ್ಬರನ್ನು ಅಳೆಯುವಾಗ ಟೇಪು ಹಿಡಿದ ಕೈಯನ್ನೂ ನೋಡಿಕೊಳ್ಳಬೇಕು.

ಮೂರನೆಯದು ಮಾತ್ರ ಉಳಿಯಿತು, ಕರೆದರೆ ಓಗೊಡದಿರುವುದು. ಇದು ನಿಜಕ್ಕೂ ಬದಲಾಗಿತ್ತು. ಮನೆಯ ಯಾವ ಮೂಲೆಯಿಂದ ಕರೆದರೂ "ಏನೇ?" ಅನ್ನುವ ಜೀವ ಅದು. ಕಳೆದ ತಿಂಗಳಿಗೆ ಹೋಲಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಕಳೆದ ತಿಂಗಳೂ ಹೀಗೇ ಇತ್ತು. ನಿಧಾನವಾಗಿ ಬರುವ ಬದಲಾವಣೆಯ ತೊಂದರೆ ಇದು. ನಮಗೇ ಗೊತ್ತಿಲ್ಲದೆ ಅದಕ್ಕೆ ಒಗ್ಗಿಕೊಂಡಿರುತ್ತೇವೆ. ಒಂದು ವರ್ಷ ಹಿಂದಕ್ಕೆ ಹೋದಾಗಲೇ ಎದ್ದು ಕಂಡಿತು.

ಆಮೇಲೆ ಎರಡು ವಾರ ಸುಮ್ನೆ ಗಮನಿಸಿ, ಕ್ಯಾಲೆಂಡರಿನ ಮೂಲೆಯಲ್ಲಿ ಒಂದೊಂದು ಗುರುತು ಹಾಕಿದೆ. "ಮಾತಾಡಲಿಲ್ಲ" ಅಂತ ಬರೆದರೆ ಏನೂ ತಿಳಿಯುವುದಿಲ್ಲ. ನಾನು ಎಲ್ಲಿದ್ದೆ, ಅವರು ಎಲ್ಲಿದ್ದರು, ಯಾವ ಸದ್ದು ಇತ್ತು ಅಂತ ಬರೆದೆ. ಎದುರು ಕೂತು ಮಾತಾಡಿದಾಗ ಪ್ರತಿ ಸಲವೂ ಉತ್ತರ ಬಂದಿತ್ತು. ಬೆನ್ನ ಹಿಂದಿನಿಂದ, ಮಿಕ್ಸಿ ಅಥವಾ ನನ್ನ ಮೆಷಿನ್ ಓಡುವಾಗ ಕರೆದರೆ ಉತ್ತರ ಬಂದದ್ದು ಅಪರೂಪ. ನನ್ನ ಮೇಲಿನ ಬೇಸರ ಆಗಿದ್ದರೆ ಎದುರು ಕೂತಾಗಲೂ ಕಾಣಬೇಕಿತ್ತು. ಅದೂ ಅಲ್ಲದೆ ಇದು ನನ್ನೊಬ್ಬಳ ಜೊತೆ ಮಾತ್ರ ಅಲ್ಲ. ಭಾನುವಾರ ಅವರ ಅಮ್ಮನ ಫೋನ್ ಬಂದರೆ "ನೀನೇ ಮಾತಾಡು" ಅಂತ ನನ್ನ ಕೈಗೆ ಕೊಡುತ್ತಿದ್ದರು. ಟೀವಿ ಸದ್ದು ಮೊದಲು 18ರಲ್ಲಿ ಇರುತ್ತಿತ್ತು, ಈಗ 30.

ಒಂದು ಸಂಜೆ ಒಲೆ ಮುಂದೆ ನಿಂತು "ಸೊಪ್ಪು ತಂದ್ರಾ?" ಅಂತ ಕೇಳಿದೆ. ಹಾಲ್‌ನಿಂದ ಉತ್ತರ ಬಂತು: "ಡಬ್ಬಿ ತುಂಬ ಇದೆಯಲ್ಲೇ, ಮತ್ತೆ ಯಾಕೆ ಉಪ್ಪು?"

ನಾನು ಒಲೆ ಆರಿಸಿ, ಹೋಗಿ ಎದುರು ಕೂತೆ. "ರೀ, ನೀವು ಮಾತು ಬಿಟ್ಟಿದ್ದೀರಿ ಅಂದುಕೊಂಡಿದ್ದೆ. ನಿಮಗೆ ಕೇಳಿಸ್ತಾನೇ ಇಲ್ವಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕ್ಲಾಸಲ್ಲೂ ಹಿಂದಿನ ಬೆಂಚಿನ ಹುಡುಗಿಯರು ಏನು ಹೇಳ್ತಾರೆ ಅಂತ ತಿಳಿಯಲ್ಲ. ಕಿವುಡು ಮೇಷ್ಟ್ರು ಅಂದುಬಿಟ್ಟರೆ ಅಂತ ಯಾರಿಗೂ ಹೇಳಿರಲಿಲ್ಲ" ಅಂದರು. ಅವರ ಕೈ ಹಿಡಿದುಕೊಂಡೆ, ಅಷ್ಟೇ.

ಮಾನಸಗಂಗೋತ್ರಿಯ ಪಕ್ಕದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆವು. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರ ಕೇಳಿಸುತ್ತಾರೆ. ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಬಂದ ಗ್ರಾಫಿನಲ್ಲಿ ಎರಡೂ ಕಿವಿಯ ಗೆರೆ ಎಡಗಡೆ ಚೆನ್ನಾಗಿತ್ತು, ಬಲಗಡೆ ಇಳಿದಿತ್ತು. ದಪ್ಪ ಸ್ವರ ಕೇಳಿಸುತ್ತದೆ, ತೆಳು ಸ್ವರ ಕೇಳಿಸುವುದಿಲ್ಲ. 4000 ಹರ್ಟ್ಸ್‌ನ ತೆಳು ಸ್ವರವನ್ನು 55 ಡೆಸಿಬಲ್‌ನಷ್ಟು ಜೋರಾಗಿ ಕೊಟ್ಟರೇ ಅವರಿಗೆ ಗೊತ್ತಾಗುತ್ತಿದ್ದದ್ದು. ಸ, ಶ, ಫ ತರಹದ ಅಕ್ಷರಗಳ ಸದ್ದು ಆ ತೆಳು ಸ್ವರದ ಭಾಗದಲ್ಲೇ ಜಾಸ್ತಿ ಇರುತ್ತದಂತೆ. ಅದಕ್ಕೇ ಮಾತು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಎದುರು ಕೂತಾಗ ತುಟಿ ನೋಡಿ ಹೊಂದಿಸಿಕೊಳ್ಳುತ್ತಿದ್ದರು. ವಯಸ್ಸಿನ ಜೊತೆ ಮೆಲ್ಲಗೆ ಬರುವ ಮಂದ ಹೀಗೇ ಇರುತ್ತದೆ ಅಂದರು. ಒಂದೇ ಕಿವಿ ದಿಢೀರನೆ ಮಂದವಾದರೆ ಮಾತ್ರ ಎರಡು ವಾರ ಅಂತ ಕಾಯಬಾರದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಈ ಹೋಲಿಕೆ ಎಲ್ಲ ಕಡೆಗೂ ಸಲ್ಲುವುದಿಲ್ಲ. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬಳ ಗಂಡ ಮೊದಲಿಂದಲೂ ಬೈಯುತ್ತಾನೆ, ಕೈ ಎತ್ತುತ್ತಾನೆ. ಅಲ್ಲಿ ಹಳೇ ಪುಟಕ್ಕೂ ಹೊಸ ಪುಟಕ್ಕೂ ವ್ಯತ್ಯಾಸವೇ ಸಿಗುವುದಿಲ್ಲ, ಹಾಗಂತ ಅದು ಸರಿಯಾಗಿಬಿಡುವುದಿಲ್ಲ. ಎಂದಿನಂತೆ ಇದೆಯೋ ಇಲ್ಲವೋ ಅನ್ನುವುದನ್ನಷ್ಟೇ ಈ ಲೆಕ್ಕ ಹೇಳುತ್ತದೆ. ಬದಲಾವಣೆ ಕಂಡರೂ ಕಾರಣ ಅದರಲ್ಲಿ ಬರೆದಿರುವುದಿಲ್ಲ. ಗುರುತುಗಳು ನನ್ನನ್ನು ಕಿವಿಯ ತನಕ ತಂದವು, ಕಾರಣ ತಿಳಿದದ್ದು ಅವರನ್ನೇ ಕೇಳಿದ ಮೇಲೆ.

ಈಗ ಎರಡೂ ಕಿವಿಗೆ ಮೆಷಿನ್ ಹಾಕಿಸಿ ಮೂರು ವಾರ ಆಗಿದೆ. ಸಂಜೆ ಮನೆಗೆ ಬಂದವರೇ ಅದನ್ನು ತೆಗೆದಿಟ್ಟು, ಸುಸ್ತು ಅಂತ ಕಣ್ಣು ಮುಚ್ಚಿ ಕೂರುತ್ತಾರೆ. ಇಷ್ಟು ದಿನ ಇಲ್ಲದ ಸದ್ದೆಲ್ಲ ಒಟ್ಟಿಗೇ ಬರುತ್ತದೆ, ಒಗ್ಗಲು ಕೆಲವು ವಾರ ಬೇಕು ಅಂತ ಅಲ್ಲಿ ಹೇಳಿ ಕಳಿಸಿದ್ದಾರೆ. ಕ್ಯಾಲೆಂಡರಿನಲ್ಲಿ ಈ ತಿಂಗಳ ಮೂಲೆಗಳನ್ನು ಖಾಲಿ ಬಿಟ್ಟಿದ್ದೇನೆ.